ಮುಗಿದ ಲೆಕ್ಕ ಅಟ್ಟಕ್ಕೆ, ಅದರ ಸಾಲು ಮೇಜಿನ ಮೇಲೆ

ಅಡಿಕೆಯ ಒಂದು ಲಾಟು ಸಂಘಕ್ಕೆ ಬಂದಿತೆಂದರೆ ಅದರ ಬೆನ್ನಿಗೇ ಕಾಗದಗಳೂ ಬರುತ್ತವೆ: ಆವಕದ ಚೀಟಿ, ತೂಕದ ಚೀಟಿ, ಮಾರಾಟದ ಪಟ್ಟಿ, ಹಣ ಪಾವತಿಯ ರಸೀದಿ. ಈಗ ಇವುಗಳ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿರುವುದಲ್ಲದೆ, ಸ್ಕ್ಯಾನ್ ಮಾಡಿದ ಚಿತ್ರಗಳೂ ಅದರಲ್ಲೇ ಸೇರುತ್ತ ಹೋಗುತ್ತವೆ. ಹೀಗೆ ಹತ್ತು ಹನ್ನೆರಡು ವರ್ಷ ಕಳೆದಾಗ ಎರಡು ತೊಂದರೆಗಳು ತಲೆದೋರುತ್ತವೆ. ರಾತ್ರಿ ಪ್ರತಿ ತೆಗೆಯುವ ಕೆಲಸ ಬೆಳಗಾದರೂ ಮುಗಿಯುವುದಿಲ್ಲ. ಡಿಸ್ಕು ಪೂರ್ತಿ ತುಂಬಿದ ದಿನವಂತೂ ಹೊಸ ಲಾಟಿನ ನಮೂದೇ ನಿಂತುಹೋಗುತ್ತದೆ. ಅದೂ ಸಾಮಾನ್ಯವಾಗಿ ಕೊಯ್ಲಿನ ಕಾಲದಲ್ಲಿ, ಕಿಟಕಿಯ ಮುಂದೆ ಸದಸ್ಯರು ಸಾಲುಗಟ್ಟಿ ನಿಂತಿರುವಾಗ.

ಹಳೆಯದನ್ನು ಅಳಿಸಿಬಿಡುವುದು ಇದಕ್ಕೆ ಪರಿಹಾರವಲ್ಲ. ತಂದೆಯ ಕಾಲದ ಸಾಲ ತೀರಿದ್ದಕ್ಕೆ ದಾಖಲೆ ಬೇಕೆಂದು ಮಗ ಬರುತ್ತಾನೆ. ಪಾಲುಪಟ್ಟಿಯ ವ್ಯಾಜ್ಯದಲ್ಲಿ ತೋಟದ ಹಳೆಯ ಉತ್ಪತ್ತಿಯ ಲೆಕ್ಕ ಬೇಕಾಗುತ್ತದೆ. ಆದ್ದರಿಂದ ಮುಗಿದ ದಾಖಲೆಗಳನ್ನು ವರ್ಷಕ್ಕೊಮ್ಮೆ ಅಗ್ಗದ ಜಾಗಕ್ಕೆ ಸಾಗಿಸಬೇಕು, ಕೇಳಿದಾಗ ಮಾತ್ರ ಕೂಡಲೇ ಸಿಗುವಂತಿರಬೇಕು. ಅದರ ಕ್ರಮವನ್ನು ನಾವು ಇಲ್ಲಿ ಬರೆಯುತ್ತಿದ್ದೇವೆ.

ಚಿತ್ರ ಹೋಗಲಿ, ಸಾಲು ಇರಲಿ

ಲೆಕ್ಕಕ್ಕಾಗಿ ವರ್ಷಕ್ಕೆ 9,000 ಲಾಟು ಬರುವ ಒಂದು ಸಂಘವನ್ನು ಊಹಿಸಿಕೊಳ್ಳೋಣ. ಲಾಟಿಗೆ ನಾಲ್ಕು ಹಾಳೆ, ಹಾಳೆಯ ಚಿತ್ರಕ್ಕೆ 300 ಕಿಲೋಬೈಟ್ ಎಂದರೆ ವರ್ಷಕ್ಕೆ ಸುಮಾರು 11 ಗಿಗಾಬೈಟ್ ಆಯಿತು, ಹನ್ನೆರಡು ವರ್ಷಕ್ಕೆ 130. ಅದೇ ಲಾಟಿನ ವಿವರವನ್ನು ಅಕ್ಷರಗಳಲ್ಲಿ ಒಂದೇ ಸಾಲಾಗಿ ಬರೆದರೆ ಅರ್ಧ ಕಿಲೋಬೈಟ್ ಸಾಕು. ಹನ್ನೆರಡು ವರ್ಷದ ಅಷ್ಟೂ ಸಾಲುಗಳು ಸೇರಿ 54 ಮೆಗಾಬೈಟ್. 130 ಗಿಗಾಬೈಟಿನ ಮುಂದೆ ಇದು ಮೂಟೆಯ ಮುಂದೆ ಒಂದು ಅಡಿಕೆ ಇದ್ದಂತೆ.

ಜಾಗ ತಿನ್ನುವುದು ಚಿತ್ರ. ಹುಡುಕುವುದಕ್ಕೆ ಬೇಕಾದದ್ದು ಸಾಲು. ಚಿತ್ರಗಳ ಕಟ್ಟು ಅಟ್ಟಕ್ಕೆ ಏರಲಿ, ಸಾಲುಗಳು ಮಾತ್ರ ಎಂದೆಂದಿಗೂ ಮುಖ್ಯ ಕಂಪ್ಯೂಟರಿನಲ್ಲೇ ಇರಲಿ. ಆ ಸಾಲಿನಲ್ಲಿ ಲಾಟಿನ ನಂಬರು, ವರ್ಷ, ಸದಸ್ಯರ ನಂಬರು, ಹೆಸರು, ಊರು, ರಾಶಿಯೋ ಬೆಟ್ಟೆಯೋ ಎಂಬ ಬಗೆ, ತೂಕ, ಕೈಗೆ ಸಂದ ಹಣ, ಪಾವತಿಯ ದಿನಾಂಕ, ಕೊನೆಯಲ್ಲಿ ಚಿತ್ರ ಯಾವ ಕಟ್ಟಿನಲ್ಲಿದೆ ಎಂಬ ಗುರುತು ಇರಬೇಕು. ತೂಕವೂ ಹಣವೂ ಸಾಲಿನಲ್ಲೇ ಇದ್ದರೆ ಸದಸ್ಯರ ಹೆಚ್ಚಿನ ಪ್ರಶ್ನೆಗಳಿಗೆ ಕಟ್ಟು ಬಿಚ್ಚದೆಯೇ ಉತ್ತರ ಹೇಳಬಹುದು.

ಯಾವುದು ಮುಗಿದದ್ದು?

ಹಲವು ಕಡೆ ತಪ್ಪಾಗುವುದು ಇಲ್ಲಿ. ಐದು ವರ್ಷ ಹಳೆಯದಾದುದೆಲ್ಲ ಹೋಗಲಿ ಎಂದು ಗೆರೆ ಎಳೆದುಬಿಡುತ್ತಾರೆ. ಹಳೆಯದು ಬೇರೆ, ಮುಗಿದದ್ದು ಬೇರೆ.

2013–14ನೇ ಸಾಲಿನ 4127ನೇ ಲಾಟು ಎಂದು ಒಂದು ಮಾದರಿಯನ್ನು ನೋಡೋಣ. ಅಡಿಕೆ 2013ರ ಡಿಸೆಂಬರಿನಲ್ಲಿ ಮಾರಾಟವಾಗಿ ಅದೇ ತಿಂಗಳು ಹಣ ಪಾವತಿಯಾಯಿತು. ಆದರೆ ಅದರ ಈಡಿನ ಮೇಲೆ ಪಡೆದಿದ್ದ ಮುಂಗಡದ ಬಾಕಿ ಚುಕ್ತಾ ಆದದ್ದು 2016ರ ಮಾರ್ಚಿಯಲ್ಲಿ. ತೂಕದ ವ್ಯತ್ಯಾಸದ ಬಗ್ಗೆ ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆ ತೀರುವಳಿಯಾದದ್ದು 2017ರ ನವೆಂಬರಿನಲ್ಲಿ. ಹಾಗಾದರೆ ಈ ಲಾಟು ಮುಗಿದದ್ದು 2013ರಲ್ಲಲ್ಲ, 2017ರ ನವೆಂಬರಿನಲ್ಲಿ.

ಪಾವತಿ, ಸಾಲ ತೀರುವಳಿ, ಆಕ್ಷೇಪಣೆಯ ತೀರುವಳಿ, ವ್ಯಾಜ್ಯದ ಇತ್ಯರ್ಥ, ಈ ನಾಲ್ಕರಲ್ಲಿ ಎಲ್ಲಕ್ಕಿಂತ ಕೊನೆಯದು ಯಾವುದೋ ಅದನ್ನು ಮುಕ್ತಾಯದ ದಿನಾಂಕವೆಂದು ಬರೆಯಬೇಕು. ಒಂದೇ ಒಂದು ಬಾಕಿಯಿದ್ದರೂ ಆ ಅಂಕಣ ಖಾಲಿ ಇರಬೇಕು. ಖಾಲಿ ಇರುವುದು ಸಾಗುವಂತಿಲ್ಲ. ಮುಕ್ತಾಯವಾಗಿ ಮೂರು ವರ್ಷ ತುಂಬಿದವುಗಳನ್ನು ಮುಂದಿನ ಜುಲೈಯಲ್ಲಿ ಸಾಗಿಸುವುದೆಂಬ ನಿಯಮವಿಟ್ಟರೆ, ನಮ್ಮ 4127ನೇ ಲಾಟಿಗೆ 2020ರ ನವೆಂಬರಿಗೆ ಮೂರು ವರ್ಷ ತುಂಬುತ್ತದೆ; ಅದು ಸಾಗುವುದು 2021ರ ಜುಲೈಯಲ್ಲಿ. ಜುಲೈ ಏಕೆಂದರೆ ಆಗ ಮಳೆಗಾಲ, ಆವಕ ಕಡಿಮೆ, ಗುಮಾಸ್ತರ ಕೈ ಸ್ವಲ್ಪ ಬಿಡುವಾಗಿರುತ್ತದೆ.

ಸಾಗಿಸುವ ಬಗೆ

ಮೊದಲು ಸಾಗಬೇಕಾದ ಲಾಟುಗಳ ಪಟ್ಟಿ ತೆಗೆದು ವ್ಯವಸ್ಥಾಪಕರ ಸಹಿ ಪಡೆಯಬೇಕು. ಆ ಚಿತ್ರಗಳನ್ನು ಒಂದು ಕಟ್ಟಾಗಿ ಮಾಡಿ, ಸಾಗಿಸಿದ ತಿಂಗಳನ್ನೇ ಅದರ ಹೆಸರಾಗಿ ಇಡುವುದು ಲೇಸು, `2021-07.zip` ಎಂಬಂತೆ. ಬೆಳೆಯ ವರ್ಷದ ಹೆಸರಿಟ್ಟರೆ ತಡವಾಗಿ ಮುಗಿದ ಲಾಟಿಗಾಗಿ ಹಳೆಯ ಕಟ್ಟನ್ನು ಮತ್ತೆ ಬಿಚ್ಚಬೇಕಾದೀತು. ಒಮ್ಮೆ ಕಟ್ಟಿದ್ದನ್ನು ತಿದ್ದುವಂತಾಗಬಾರದು. ಒಳಗೆ ಪ್ರತಿ ಲಾಟಿಗೂ `2013-14_4127.pdf` ಎಂಬಂತೆ ಬೇರೆ ಬೇರೆ ಕಡತವಿದ್ದರೆ, ಇಡೀ ಕಟ್ಟನ್ನು ಬಿಚ್ಚದೆ ಬೇಕಾದ ಒಂದನ್ನೇ ಹೊರತೆಗೆಯಬಹುದು.

ಈ ಕಟ್ಟನ್ನು ಎರಡು ಸಾಮಾನ್ಯ ಹಾರ್ಡ್ ಡಿಸ್ಕುಗಳಿಗೆ ಪ್ರತಿ ಮಾಡಿ, ಒಂದನ್ನು ಕಚೇರಿಯಲ್ಲೂ ಇನ್ನೊಂದನ್ನು ಬೇರೆ ಕಟ್ಟಡದಲ್ಲೂ ಇಡಬೇಕು. ಮುಖ್ಯ ಕಂಪ್ಯೂಟರಿನಲ್ಲಿರುವ ವೇಗದ ಎಸ್‌ಎಸ್‌ಡಿಗಿಂತ ಇವು ಅಗ್ಗ. ಅಲ್ಲದೆ ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಕಪಾಟಿನಲ್ಲಿಟ್ಟರೆ ಅದರಲ್ಲಿನ ಮಾಹಿತಿ ಅಳಿಯುವ ಸಂಭವವಿದೆ.

ಪ್ರತಿ ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಕಟ್ಟಿನ ತಾಳೆ ಸಂಖ್ಯೆ ತೆಗೆಯಬೇಕು. ವಿಂಡೋಸ್ ಯಂತ್ರದಲ್ಲಿ ಹೀಗೆ ಬರೆದರೆ ಸಾಕು:

```
certutil -hashfile 2021-07.zip SHA256
```

64 ಅಕ್ಷರಗಳ ಒಂದು ಸಾಲು ಬರುತ್ತದೆ. ಮೂಲ ಕಟ್ಟಿನದೂ ಎರಡು ಪ್ರತಿಗಳದೂ ಅಕ್ಷರಶಃ ಒಂದೇ ಆಗಿರಬೇಕು. ಒಂದು ಅಕ್ಷರ ಬೇರೆಯಾದರೂ ಆ ಪ್ರತಿ ಕೆಟ್ಟಿದೆ ಎಂದರ್ಥ. ಈ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆದಿಟ್ಟರೆ, ಪ್ರತಿ ಜುಲೈಯಲ್ಲೂ ಹಳೆಯ ಕಟ್ಟುಗಳನ್ನು ಅದರೊಡನೆ ತಾಳೆ ನೋಡಬಹುದು. ಜೊತೆಗೆ ಚೀಟಿ ಎತ್ತಿ ಐದು ಲಾಟುಗಳನ್ನು ತೆರೆದು, ಹಾಳೆಗಳು ಓದಲು ಬರುತ್ತವೆಯೇ ಎಂದು ಕಣ್ಣಾರೆ ನೋಡಬೇಕು. ಸ್ಕ್ಯಾನೇ ಮಸುಕಾಗಿದ್ದರೆ ತಾಳೆ ಸಂಖ್ಯೆ ಅದನ್ನು ಹೇಳಲಾರದು. ಇಷ್ಟಾಗಿ ಒಂದು ತಿಂಗಳು ಕಳೆದ ಮೇಲೆಯೇ ಮುಖ್ಯ ಕಂಪ್ಯೂಟರಿನ ಚಿತ್ರಗಳನ್ನು ತೆಗೆಯಬೇಕು.

ಇದ್ದೂ ಸಿಗದಿರುವುದು

ದಾಖಲೆ ಅಟ್ಟದಲ್ಲಿ ಭದ್ರವಾಗಿದ್ದರೂ ಹುಡುಕಿದಾಗ ಸಿಗದಿರುವುದಕ್ಕೆ ಎರಡು ಕಾರಣಗಳುಂಟು.

ಒಂದು, ಸದಸ್ಯತ್ವದ ಬದಲಾವಣೆ. ತಂದೆ ತೀರಿಕೊಂಡು ಷೇರು ಮಗನ ಹೆಸರಿಗೆ ಬಂದಾಗ ಹೊಸ ನಂಬರು ಬರುತ್ತದೆ. 4127ನೇ ಲಾಟಿನ ಸಾಲಿನಲ್ಲಿರುವುದು ತಂದೆಯ ನಂಬರು. ಮಗನ ನಂಬರು ಹಾಕಿ ಹುಡುಕಿದರೆ ಏನೂ ಬರುವುದಿಲ್ಲ. ಹಳೆಯ ಸಾಲನ್ನು ತಿದ್ದುವುದು ಸರಿಯಲ್ಲ. ಬದಲಿಗೆ ಹಳೆಯ ನಂಬರು, ಹೊಸ ನಂಬರು, ವರ್ಗಾವಣೆಯ ದಿನಾಂಕ ಎಂಬ ಮೂರು ಅಂಕಣಗಳ ಒಂದು ಚಿಕ್ಕ ಪಟ್ಟಿಯನ್ನು ಬೇರೆಯೇ ಇಟ್ಟು, ಹುಡುಕುವಾಗ ಎರಡೂ ನಂಬರುಗಳನ್ನು ನೋಡಬೇಕು.

ಎರಡನೆಯದು ಕನ್ನಡದ್ದೇ ತೊಡಕು. ಹಿಂದೆ ನುಡಿ, ಬರಹಗಳಲ್ಲಿ ಯೂನಿಕೋಡ್ ಅಲ್ಲದ ಅಕ್ಷರಗಳಿಂದ ಬೆರಳಚ್ಚು ಮಾಡಿದ ಹೆಸರುಗಳು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಶೇಖರವಾಗಿರುವುದು ಇಂಗ್ಲಿಷಿನ ಅಕ್ಷರ, ಚಿಹ್ನೆಗಳ ಸಂಕೇತ. ಇಂದಿನ ಯೂನಿಕೋಡ್ ಕೀಲಿಮಣೆಯಿಂದ ಅದೇ ಹೆಸರು ಕೊಟ್ಟು ಹುಡುಕಿದರೆ ಯಂತ್ರ ಇಲ್ಲವೆನ್ನುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಇದೇ ಅದರ ಗುರುತು. ಸಾಗಿಸುವ ಮೊದಲೇ ಸಾಲುಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಬಳಿಕ ಧರ್ಮಪ್ಪ, ಸೂರ್ಯನಾರಾಯಣ ಮುಂತಾದ ಅರ್ಕಾವತ್ತಿನ ಹೆಸರುಗಳನ್ನು ವಿಶೇಷವಾಗಿ ಪರಿಶೀಲಿಸಬೇಕು, ಪರಿವರ್ತನೆಯಲ್ಲಿ ಅರ್ಕ ಸ್ಥಾನಪಲ್ಲಟವಾಗುವುದುಂಟು. ಹೆಗಡೆ, ಹೆಗ್ಡೆ ಎಂಬ ಕಾಗುಣಿತದ ಭೇದಗಳಿಂದಲೂ ಹುಡುಕಾಟ ತಪ್ಪುವುದರಿಂದ ನಂಬರನ್ನೇ ಮುಖ್ಯವಾಗಿ ನೆಚ್ಚಬೇಕು.

ಸಾಗಿಸುವುದೆಂದರೆ ನಾಶ ಮಾಡುವುದಲ್ಲ ಎಂಬುದನ್ನೂ ಸ್ಪಷ್ಟಪಡಿಸುತ್ತೇವೆ. ಜಿಎಸ್‌ಟಿ ಲೆಕ್ಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳವರೆಗೆ ಕಾನೂನಿನಂತೆ ಕಾಯ್ದಿಡಲೇಬೇಕು. ಸಹಿ ಇರುವ ಮೂಲ ಕಾಗದವನ್ನು ವಿಲೇವಾರಿ ಮಾಡುವ ವಿಷಯ ಆಡಳಿತ ಮಂಡಳಿಯ ಪ್ರತ್ಯೇಕ ನಿರ್ಣಯಕ್ಕೆ ಸೇರಿದ್ದು. ಸ್ಕ್ಯಾನ್ ಇದೆಯೆಂಬ ಧೈರ್ಯದಿಂದ ಯಾರೂ ಅದಕ್ಕೆ ಕೈಹಾಕಬಾರದು.

ಬೆಳೆಗಾರ ಬಂಧುಗಳು ಹಳೆಯ ದಾಖಲೆ ಕೇಳಲು ಬರುವಾಗ ಸದಸ್ಯರ ಹಳೆಯ ನಂಬರನ್ನೂ ಬೆಳೆಯ ವರ್ಷವನ್ನೂ ಬರೆದು ತಂದರೆ ತೂಕ ಮತ್ತು ಹಣದ ವಿವರವನ್ನು ಕಿಟಕಿಯಲ್ಲೇ ಹೇಳಬಹುದು. ರಸೀದಿಯ ಚಿತ್ರವೇ ಬೇಕಾದವರು ಅಟ್ಟದ ಡಿಸ್ಕು ಇಳಿಸುವಷ್ಟು ಹೊತ್ತು ಕಾಯಬೇಕಾಗುತ್ತದೆ.