ತಿಂಗಳ ಕೊನೆಯ ಸಂಜೆಯ ಹೊರೆ

ಹೊಸ ಇಆರ್‌ಪಿ ತಂತ್ರಾಂಶ ಬಳಕೆಗೆ ಬರುವ ಮುನ್ನ ನಡೆಸುವ ಲೋಡ್ ಟೆಸ್ಟ್ ಉತ್ತರ ಹುಡುಕುವುದು ಒಂದೇ ಪ್ರಶ್ನೆಗೆ: ಅತಿ ಬಿರುಸಿನ ಗಂಟೆಯಲ್ಲಿ ಈ ವ್ಯವಸ್ಥೆ ತಡೆದೀತೇ? ಸರಕು ಮಾರುವ ಕಂಪನಿಗಳಲ್ಲಿ ಆ ಗಂಟೆ ಸಾಮಾನ್ಯವಾಗಿ ತಿಂಗಳ ಕೊನೆಯ ದಿನದ ಸಂಜೆ. ಮಾರಾಟದ ಗುರಿ ಮುಟ್ಟಬೇಕಾದ್ದರಿಂದ ಡಿಪೋಗಳಲ್ಲಿ ಲಾರಿಗಳು ಸಾಲುಗಟ್ಟುತ್ತವೆ, ಬಿಲ್ ಹಾಕುವವರು ರಾತ್ರಿಯವರೆಗೂ ಪರದೆ ಬಿಟ್ಟು ಏಳುವುದಿಲ್ಲ. ಅದೇ ಹೊತ್ತಿಗೆ ಲೆಕ್ಕಪತ್ರ ವಿಭಾಗದ ಭಾರೀ ಕೆಲಸಗಳು ಶುರುವಾಗುತ್ತವೆ: ಸವಕಳಿ ಲೆಕ್ಕ, ವೆಚ್ಚದ ಹಂಚಿಕೆ, ದಾಸ್ತಾನಿನ ಮೌಲ್ಯಮಾಪನ. ಇವುಗಳ ಮುಂದೆ ಮನುಷ್ಯರು ಕೂತಿರುವುದಿಲ್ಲ. ಲಕ್ಷಾಂತರ ಸಾಲುಗಳನ್ನು ಓದಿ, ಲೆಕ್ಕ ಹಾಕಿ, ಬರೆದು ಮುಗಿಸುವ ಈ ಪ್ರೋಗ್ರಾಮುಗಳನ್ನು ಐಟಿಯವರು ಬ್ಯಾಚ್ ಜಾಬ್ ಎನ್ನುತ್ತಾರೆ. ಉಳಿದ ದಿನಗಳಲ್ಲಿ ಎಲ್ಲರೂ ಮನೆಗೆ ಹೋದ ಮೇಲೆ ಅವು ಓಡುತ್ತವೆ. ತಿಂಗಳ ಕೊನೆಯಲ್ಲಿ ಮಾತ್ರ ಹಗಲಿನ ಕೆಲಸಗಳೂ ರಾತ್ರಿಯವೂ ಒಂದೇ ಡೇಟಾಬೇಸಿನ ಮೇಲೆ ಒಟ್ಟಿಗೆ ಬೀಳುತ್ತವೆ.

ಎಷ್ಟೋ ಯೋಜನೆಗಳಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತಾರೆ. ಬಳಕೆದಾರರ ಪರೀಕ್ಷೆ ಒಂದು ದಿನ, ಬ್ಯಾಚ್ ಪರೀಕ್ಷೆ ಇನ್ನೊಂದು ರಾತ್ರಿ. ಎರಡೂ ಪಾಸಾಗುತ್ತವೆ, ವರದಿಗೆ ಸಹಿ ಬೀಳುತ್ತದೆ. ಆ ಸಹಿಗೆ ಹೆಚ್ಚು ಬೆಲೆ ಇಲ್ಲ ಎಂಬುದು ಒಂದು ಸಣ್ಣ ಲೆಕ್ಕದಿಂದಲೇ ಗೊತ್ತಾಗುತ್ತದೆ.

ನಾಲ್ಕು ಡಿಪೋಗಳಿರುವ ಕಂಪನಿಯಲ್ಲಿ ಕೊನೆಯ ಸಂಜೆ 240 ಮಂದಿ ಬಿಲ್ ಹಾಕುತ್ತಿದ್ದಾರೆ ಎಂದುಕೊಳ್ಳೋಣ. ಒಂದು ಬಿಲ್ಲಿನ ವಿವರ ತುಂಬಲು ಸರಾಸರಿ 58 ಸೆಕೆಂಡು, ಉಳಿಸುವ ಗುಂಡಿ ಒತ್ತಿದ ಮೇಲೆ ಉತ್ತರ ಬರಲು 2 ಸೆಕೆಂಡು. ಅಂದರೆ ಪ್ರತಿಯೊಬ್ಬರೂ ನಿಮಿಷಕ್ಕೊಂದು ಬಿಲ್ ಮುಗಿಸುತ್ತಾರೆ. 240ನ್ನು 60ರಿಂದ ಭಾಗಿಸಿದರೆ ಸೆಕೆಂಡಿಗೆ 4 ಬಿಲ್, ಗಂಟೆಗೆ 14,400. ಜನರ ಸಂಖ್ಯೆ, ಒಂದು ಸುತ್ತಿನ ಅವಧಿ, ಕೆಲಸ ಸಾಗುವ ವೇಗ ಈ ಮೂರನ್ನೂ ಕಟ್ಟಿಹಾಕುವ ಈ ಸಂಬಂಧಕ್ಕೆ ಲಿಟಲ್‌ನ ನಿಯಮ ಎಂದು ಹೆಸರು. ಲೋಡ್ ಟೆಸ್ಟಿನ ಯಾವ ಅಂಕಿಯನ್ನೇ ಆಗಲಿ ಮೊದಲು ಇದರ ಮೇಲೆ ಉಜ್ಜಿ ನೋಡಬೇಕು.

ಇನ್ನು ಬಿಲ್ ಸಂಖ್ಯೆಯ ವಿಚಾರ. ಜಿಎಸ್‌ಟಿ ನಿಯಮಗಳ ಪ್ರಕಾರ ತೆರಿಗೆ ಬಿಲ್ಲಿನ ಕ್ರಮಸಂಖ್ಯೆ ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಮರುಕಳಿಸಬಾರದು. ನಡುವೆ ಸಂಖ್ಯೆ ತಪ್ಪದಿರಲೆಂದು ಪ್ರೋಗ್ರಾಮು ಡೇಟಾಬೇಸಿನಲ್ಲಿ ಕೊನೆಯ ಸಂಖ್ಯೆ ಇರುವ ಒಂದು ಸಾಲಿಗೆ ಬೀಗ ಹಾಕಿ, ಒಂದು ಕೂಡಿಸಿ, ಬಿಲ್ಲು ಪೂರ್ತಿ ಉಳಿದ ಮೇಲೆ ಬೀಗ ತೆಗೆಯುತ್ತದೆ. ಸ್ಯಾಪ್‌ನಲ್ಲಿ ಈ ಸಾಲು ಇರುವ ಕೋಷ್ಟಕ `NRIV`. ಸಂಖ್ಯೆಗಳನ್ನು ಕಂತೆಯಾಗಿ ಮುಂಚಿತವಾಗಿ ತೆಗೆದಿಟ್ಟುಕೊಳ್ಳುವ ಬಫರ್ ಸೌಲಭ್ಯ ಅಲ್ಲಿದೆಯಾದರೂ ಕಂತೆಯ ಕೆಲವು ಸಂಖ್ಯೆಗಳು ಬಳಕೆಯಾಗದೆ ಕಳೆದುಹೋಗಬಹುದು. ಹಾಗಾಗಿ ಬಿಲ್ಲುಗಳಿಗೆ ಅದನ್ನು ಬಳಸಲು ಲೆಕ್ಕಪತ್ರದವರು ಒಪ್ಪುವುದಿಲ್ಲ. ಕಚೇರಿಯಲ್ಲಿ ಒಂದೇ ಜಾವಕ ರಿಜಿಸ್ಟರ್ ಇದ್ದಂತೆ: ಎಷ್ಟು ಗುಮಾಸ್ತರಿದ್ದರೂ ನಂಬರ್ ಹಾಕುವ ಕೆಲಸ ಒಬ್ಬರಾದ ಮೇಲೆ ಒಬ್ಬರಿಗೆ.

ಬೀಗ ಹಿಡಿದಿರುವ ಅವಧಿ 0.2 ಸೆಕೆಂಡು ಎಂದಾದರೆ ಸೆಕೆಂಡಿಗೆ ಹೆಚ್ಚೆಂದರೆ 5 ಬಿಲ್ ಹೊರಬರಬಹುದು. ಬೇಕಿರುವುದು 4. ಬಿಗಿಯಾದರೂ ಸಾಕು. ಬಳಕೆದಾರರ ಪರೀಕ್ಷೆ ಪಾಸಾದದ್ದು ಹೀಗೆ.

ಈಗ ಬ್ಯಾಚ್ ಜಾಬುಗಳನ್ನೂ ಓಡಿಸಿದರೆ ಎರಡು ಬದಲಾವಣೆಗಳಾಗುತ್ತವೆ. ಡೇಟಾಬೇಸು ಪದೇಪದೇ ಬೇಕಾಗುವ ಮಾಹಿತಿಯನ್ನು ಡಿಸ್ಕಿನಿಂದ ತಂದು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ದರಪಟ್ಟಿ, ಗ್ರಾಹಕರ ವಿವರ, ತೆರಿಗೆ ಪ್ರಮಾಣ ಎಲ್ಲವೂ ಅಲ್ಲಿರುವುದರಿಂದಲೇ ಬಿಲ್ಲು ಬೇಗ ಆಗುತ್ತದೆ. ದಾಸ್ತಾನಿನ ಜಾಬು ವರ್ಷಗಟ್ಟಲೆಯ ಸಾಲುಗಳನ್ನು ಓದುತ್ತ ಹೋದಂತೆ ಅವು ಆ ಜಾಗ ಆಕ್ರಮಿಸಿ ದರಪಟ್ಟಿಯನ್ನು ಹೊರದಬ್ಬಬಹುದು. ಇದನ್ನು ತಡೆಯುವ ಉಪಾಯಗಳು ಹಲವು ಡೇಟಾಬೇಸುಗಳಲ್ಲಿವೆ, ಆದರೆ ಅವು ಮುಖ್ಯವಾಗಿ ಇಡೀ ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ಓದುವ ಸಂದರ್ಭಕ್ಕೆ. ಇಂಡೆಕ್ಸ್ ಹಿಡಿದು ಸಾಲುಸಾಲಾಗಿ ಓದುವ ಜಾಬಿಗೆ ಅಷ್ಟು ಅಂಕುಶವಿಲ್ಲ. ಎರಡನೆಯದು ಬರವಣಿಗೆ. ಪ್ರತಿ ಬಿಲ್ಲು ಖಾಯಂ ಆಗುವ ಮುನ್ನ ಲಾಗ್ ಫೈಲಿನಲ್ಲಿ ದಾಖಲಾಗಬೇಕು, ಸವಕಳಿಯ ಜಾಬು ಸುರಿಯುತ್ತಿರುವುದೂ ಅದೇ ಲಾಗ್ ಫೈಲಿಗೆ. ಡಿಸ್ಕಿನ ಮುಂದೆ ಸರದಿ ಬೆಳೆಯುತ್ತದೆ.

ಇವೆರಡರಿಂದ ಬೀಗದ ಅವಧಿ 0.2ರಿಂದ 0.4 ಸೆಕೆಂಡಿಗೆ ಏರಿತು ಎಂದಿಟ್ಟುಕೊಳ್ಳಿ. ಕಣ್ಣಿಗೆ ಬೀಳದಷ್ಟು ಸಣ್ಣ ಏರಿಕೆ. ಆದರೆ ಈಗ ಸೆಕೆಂಡಿಗೆ 2.5 ಬಿಲ್ಲಿಗಿಂತ ಹೆಚ್ಚು ಹೊರಬರಲಾರದು. ಲಿಟಲ್‌ನ ನಿಯಮವನ್ನು ತಿರುಗಿಸಿ ಹಾಕಿದರೆ 240ನ್ನು 2.5ರಿಂದ ಭಾಗಿಸಿ ಒಂದು ಸುತ್ತಿಗೆ 96 ಸೆಕೆಂಡು. ಅದರಲ್ಲಿ ವಿವರ ತುಂಬುವ 58 ಕಳೆದರೆ ಉತ್ತರಕ್ಕೆ ಕಾಯುವ ಸಮಯ 38 ಸೆಕೆಂಡು! ಗಂಟೆಗೆ 14,400 ಆಗಬೇಕಿದ್ದ ಬಿಲ್ಲುಗಳು 9,000ಕ್ಕೆ ನಿಲ್ಲುತ್ತವೆ. ಇಷ್ಟಾದರೂ ಸರ್ವರಿನ ಸಿಪಿಯು ಅರ್ಧವೂ ಬಳಕೆಯಾಗದೆ ಬಿದ್ದಿರಬಹುದು, ಏಕೆಂದರೆ ಕಾಯುವವರಿಗೆ ಸಿಪಿಯು ಬೇಕಿಲ್ಲ. ಇನ್ನೂ ದೊಡ್ಡ ಸರ್ವರ್ ಕೊಳ್ಳೋಣ ಎಂಬ ಸಲಹೆ ಬರುವುದು ಇಂಥ ಹೊತ್ತಿನಲ್ಲೇ. ಅದರಿಂದ ಏನೂ ಆಗುವುದಿಲ್ಲ. ಸ್ಯಾಪ್‌ನ `SM50` ಪರದೆ ತೆರೆದು ನೋಡಿದವರಿಗೆ ನಿಜ ಕಾಣುತ್ತದೆ: ಸಾಲುಸಾಲು ವರ್ಕ್ ಪ್ರೋಸೆಸ್‌ಗಳ ಎದುರು ಒಂದೇ ಕೋಷ್ಟಕದ ಹೆಸರು, `NRIV`.

ಎರಡನ್ನೂ ಒಟ್ಟಿಗೆ ಓಡಿಸುವ ಪರೀಕ್ಷೆ ಹಿಡಿಯಬೇಕಾದದ್ದು ಇಂಥದ್ದನ್ನು. ಅದಕ್ಕೆ ಸಿದ್ಧತೆ ಹಳೆಯ ವ್ಯವಸ್ಥೆಯ ದಾಖಲೆಗಳಿಂದ ಆರಂಭವಾಗುತ್ತದೆ. ಕಳೆದ ಕೆಲವು ತಿಂಗಳ ಕೊನೆಯ ದಿನಗಳಲ್ಲಿ ಗಂಟೆಗೆ ಎಷ್ಟು ಬಿಲ್ಲಾಯಿತು, ಯಾವ ಜಾಬು ಎಷ್ಟಕ್ಕೆ ಶುರುವಾಗಿ ಎಷ್ಟಕ್ಕೆ ಮುಗಿಯಿತು ಎಂದು ಗಂಟೆವಾರು ಪಟ್ಟಿ ಮಾಡಿ, ಎರಡೂ ಹೆಚ್ಚಾಗಿ ಒಂದರ ಮೇಲೊಂದು ಬಿದ್ದ ಹೊತ್ತನ್ನು ಆರಿಸುತ್ತಾರೆ. ವೇಳಾಪಟ್ಟಿಯಲ್ಲಿ ರಾತ್ರಿ 11 ಎಂದಿರುವ ಜಾಬನ್ನು ಕೊನೆಯ ದಿನ ಯಾರೋ 8ಕ್ಕೇ ಕೈಯಾರೆ ಶುರುಮಾಡುತ್ತಿದ್ದರು ಎಂಬಂಥ ಸಂಗತಿಗಳು ಹೊರಬೀಳುವುದು ಆಗಲೇ.

ಬಳಕೆದಾರರ ಪಾತ್ರವನ್ನು ಜೆಮೀಟರ್, ಲೋಡ್‌ರನ್ನರ್‌ನಂಥ ಸಾಧನಗಳು ವಹಿಸುತ್ತವೆ. ಒಬ್ಬರ ಕೆಲಸವನ್ನು ಸ್ಕ್ರಿಪ್ಟಾಗಿ ದಾಖಲಿಸಿ 240 ಪ್ರತಿಗಳಾಗಿ ಓಡಿಸುವುದು ತತ್ತ್ವ. ಜೆಮೀಟರ್‌ನಲ್ಲಾದರೆ ಆದೇಶ ಇಷ್ಟೇ:

```
jmeter -n -t monthend.jmx -l result.jtl
```

ಎಡವುವುದು ಸ್ಕ್ರಿಪ್ಟಿನ ಒಳಗೆ. ದಾಖಲಿಸಿದ ದಿನದ ಲಾಗಿನ್ ಟೋಕನ್ನನ್ನೇ ಮತ್ತೆ ಕಳಿಸಿದರೆ ಸರ್ವರ್ ತಪ್ಪು ತಿಳಿಸುವ ಪುಟವೊಂದನ್ನು ಹಿಂತಿರುಗಿಸಬಹುದು. ಆ ಪುಟ ಬಹಳ ಬೇಗ ಬರುತ್ತದೆ, ಸಾಧನ ಅದನ್ನೂ ಯಶಸ್ಸೆಂದು ಎಣಿಸಿದರೆ ವರದಿಯೆಲ್ಲ ಹಸಿರು. ಆದ್ದರಿಂದ ಒಂದು ಗಂಟೆಯ ಪರೀಕ್ಷೆಯ ನಂತರ ಡೇಟಾಬೇಸಿನಲ್ಲಿ ನಿಜಕ್ಕೂ 14,400 ಹೊಸ ಬಿಲ್ಲುಗಳಿವೆಯೇ ಎಂದು ಎಣಿಸುವುದು ಯಾವ ನಕ್ಷೆಗಿಂತಲೂ ನಂಬಿಕಸ್ತ ಸಾಕ್ಷಿ. ಸ್ಕ್ರಿಪ್ಟು ಬಳಸುವ ಸರಕುಗಳೂ ಮುಖ್ಯ. ಎಲ್ಲರೂ ಒಂದೇ ಸರಕಿಗೆ ಬಿಲ್ ಹಾಕಿದರೆ ಇಲ್ಲದ ಜಗಳ ಹುಟ್ಟುತ್ತದೆ, ಸಾವಿರಾರು ಸರಕುಗಳಲ್ಲಿ ಸಮನಾಗಿ ಹಂಚಿದರೆ ಇರುವ ಜಗಳವೂ ಮುಚ್ಚಿಹೋಗುತ್ತದೆ. ವಾಸ್ತವದಲ್ಲಿ ಕೆಲವೇ ಸರಕುಗಳು ಹೆಚ್ಚು ಓಡುತ್ತವೆ, ಸ್ಕ್ರಿಪ್ಟಿನಲ್ಲೂ ಅದೇ ಅನುಪಾತ ಇರಬೇಕು.

ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ಉತ್ತರ ಬರುವವರೆಗೆ ಮುಂದಿನ ಬಿಲ್ ಕಳಿಸದ ಕೃತಕ ಬಳಕೆದಾರರು, ವ್ಯವಸ್ಥೆ ನಿಧಾನವಾದಾಗ ತಾವೂ ನಿಧಾನವಾಗುತ್ತಾರೆ. ಪರದೆಯ ಮುಂದೆ ಕೂತ ಗುಮಾಸ್ತರ ವಿಷಯದಲ್ಲಿ ಇದು ನಿಜವೇ. ಆದರೆ ವಿತರಕರ ಪೋರ್ಟಲಿನಿಂದ ತಾನಾಗಿ ಬರುವ ಆರ್ಡರುಗಳು ಯಾರ ಉತ್ತರಕ್ಕೂ ಕಾಯುವುದಿಲ್ಲ. ಅವುಗಳನ್ನು ನಿಗದಿತ ವೇಗದಲ್ಲಿ, ಉತ್ತರ ಬಂದರೂ ಬರದಿದ್ದರೂ, ಕಳಿಸುತ್ತಲೇ ಇರಬೇಕು.

ಬ್ಯಾಚ್ ಭಾಗದ ಕಷ್ಟ ಬೇರೆ ಬಗೆಯದು. ಒಂದು ತಿಂಗಳ ಸವಕಳಿಯನ್ನು ಒಮ್ಮೆ ಖಾತೆಗೆ ಹಾಕಿದ ಮೇಲೆ ಅದೇ ತಿಂಗಳಿಗೆ ಜಾಬನ್ನು ಮತ್ತೆ ಓಡಿಸಿದರೆ ಮಾಡಲು ಏನೂ ಉಳಿದಿರುವುದಿಲ್ಲ. ಅದು ಕ್ಷಣದಲ್ಲಿ ಮುಗಿದುಬಿಡುತ್ತದೆ. ಹಾಗಾಗಿ ಪ್ರತಿ ಸುತ್ತಿಗೂ ಮುನ್ನ ಡೇಟಾಬೇಸನ್ನು ಆರಂಭದ ಸ್ಥಿತಿಗೆ ಮರಳಿಸಬೇಕು. ಡೇಟಾ ಪೂರ್ಣ ಗಾತ್ರದ್ದೇ ಆಗಿರಬೇಕು. ಹತ್ತನೇ ಒಂದು ಪಾಲಿನ ನಕಲು ಇಡಿಯಾಗಿ ಮೆಮೊರಿಯಲ್ಲೇ ಕೂತುಬಿಟ್ಟರೆ ಮೇಲೆ ಹೇಳಿದ ಹೊರದಬ್ಬುವಿಕೆ ನಡೆಯುವುದೇ ಇಲ್ಲ. ಯಂತ್ರಗಳ ವಿನ್ಯಾಸಕ್ಕೂ ಇದೇ ಮಾತು ಅನ್ವಯ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲಿನಲ್ಲಿ ಹೊಸ ವ್ಯವಸ್ಥೆಗೆ ಹೋದಾಗ ಲಕ್ಷಾಂತರ ಗ್ರಾಹಕರಿಗೆ ತಮ್ಮ ಖಾತೆ ಬಳಸಲಾಗಲಿಲ್ಲ. ಎರಡು ಡೇಟಾ ಕೇಂದ್ರಗಳು ಒಟ್ಟಿಗೆ ನಡೆಯುವ ವಿನ್ಯಾಸವಿದ್ದರೂ ಸಾಮರ್ಥ್ಯದ ಪರೀಕ್ಷೆ ಒಂದರಲ್ಲಷ್ಟೇ ನಡೆದಿತ್ತು ಎಂದು 2019ರ ಸ್ವತಂತ್ರ ತನಿಖಾ ವರದಿ ಹೇಳಿತು. 2022ರಲ್ಲಿ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಬಿತ್ತು.

ಪಾಸು-ಫೇಲಿನ ಗೆರೆಯನ್ನು ಪರೀಕ್ಷೆಗೆ ಮೊದಲೇ ಬರೆದಿಡಬೇಕು, ಸರಾಸರಿಯನ್ನು ಅದರಲ್ಲಿ ಸೇರಿಸಬಾರದು. ನೂರರಲ್ಲಿ ತೊಂಬತ್ತು ಬಿಲ್ಲು 1 ಸೆಕೆಂಡಿಗೂ ಹತ್ತು ಬಿಲ್ಲು 30 ಸೆಕೆಂಡಿಗೂ ಆದರೆ ಸರಾಸರಿ 3.9 ಸೆಕೆಂಡು, ಅಷ್ಟು ಕಾದವರು ಒಬ್ಬರೂ ಇಲ್ಲ. ನೂರಕ್ಕೆ 95 ಬಿಲ್ಲು 4 ಸೆಕೆಂಡಿನೊಳಗೆ, ಜೊತೆಗೆ ಎಲ್ಲ ಜಾಬುಗಳು ಬೆಳಗಿನ 5ರೊಳಗೆ ಎಂಬಂತೆ ಎರಡನ್ನೂ ಒಂದೇ ಓಟದಲ್ಲಿ ಅಳೆಯಬೇಕು.

ಮೇಲಿನ ಉದಾಹರಣೆಯ ಪರಿಹಾರ ತೆರಿಗೆ ನಿಯಮದಲ್ಲೇ ಇದೆ. ಬಿಲ್ ಸಂಖ್ಯೆಗೆ ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ಜಿಎಸ್‌ಟಿ ಅನುಮತಿಸುತ್ತದೆ. ಡಿಪೋಗೊಂದು ಸರಣಿಯಾದರೆ ಬೀಗಗಳು ನಾಲ್ಕಾಗುತ್ತವೆ. ದೊಡ್ಡ ಡಿಪೋ ಅರ್ಧದಷ್ಟು ಬಿಲ್ ಹಾಕುವುದಾದರೆ ಅಲ್ಲಿ ಸೆಕೆಂಡಿಗೆ 2 ಬೇಕು, ಬೀಗದ ಅವಧಿ 0.4 ಇದ್ದರೂ 2.5 ಸಾಧ್ಯ. ಮತ್ತೆ ಬಿಗಿಯೇ. ಹಾಗಾಗಿ ಸವಕಳಿಯ ಜಾಬನ್ನು ಎಂಟರ ಬದಲು ನಾಲ್ಕು ಸಮಾಂತರ ಪ್ರೋಸೆಸ್‌ಗಳಲ್ಲಿ ಓಡಿಸಿ ಡಿಸ್ಕಿನ ಮೇಲಿನ ಒತ್ತಡ ಇಳಿಸುತ್ತಾರೆ. ಜಾಬು ಮುಗಿಯುವುದು ತಡವಾಗುತ್ತದೆ, 5 ಗಂಟೆಯ ಗಡಿ ದಾಟದಿದ್ದರೆ ಆ ತಡ ಒಪ್ಪಿತ. ಪ್ರತಿ ಓಟದಲ್ಲಿ ಒಂದೇ ಬದಲಾವಣೆ ಮಾಡಿದರೆ ಮಾತ್ರ ಯಾವುದರಿಂದ ಎಷ್ಟು ಲಾಭವಾಯಿತೆಂದು ತಿಳಿಯುತ್ತದೆ. ಅದಕ್ಕೇ ಈ ಪರೀಕ್ಷೆಗೆ ವಾರಗಳೇ ಬೇಕು.

ಪರೀಕ್ಷೆಗೆ ಸಿಗದ ಭಾಗವೂ ಒಂದಿದೆ: ಇ-ಇನ್‌ವಾಯ್ಸ್ ನೋಂದಾಯಿಸುವ ಸರ್ಕಾರಿ ಪೋರ್ಟಲು. ಅದರ ಮೇಲೆ ಕೃತಕ ಹೊರೆ ಹಾಕುವಂತಿಲ್ಲ. ಅದರ ಜಾಗದಲ್ಲಿ, ಬೇಕೆಂದೇ ತಡವಾಗಿ ಉತ್ತರ ಕೊಡುವ ಒಂದು ನಕಲಿ ಸೇವೆಯನ್ನು ಕೂರಿಸುತ್ತಾರೆ. ಆ ತಡವನ್ನು 1 ಸೆಕೆಂಡಿನಿಂದ 10ಕ್ಕೆ ಏರಿಸಿದಾಗ ಬಿಲ್ಲುಗಳ ವೇಗವೂ ಕುಸಿದರೆ, ಪ್ರೋಗ್ರಾಮು ಸಂಖ್ಯೆಯ ಬೀಗ ಹಿಡಿದುಕೊಂಡೇ ಪೋರ್ಟಲಿನ ಉತ್ತರಕ್ಕೆ ಕಾಯುತ್ತಿರಬಹುದು. ಹಾಗಿದ್ದರೆ ಬಿಲ್ಲನ್ನು ಮೊದಲು ಉಳಿಸಿ, ನೋಂದಣಿಯನ್ನು ನಂತರದ ಪ್ರತ್ಯೇಕ ಹಂತವಾಗಿ ಬೇರ್ಪಡಿಸಬೇಕಾಗುತ್ತದೆ.