ಬಾಗಿಲ ಮುಂದೆ ನಿಂತವರ ಎತ್ತರ ಎಷ್ಟು?

ಹೆಣ್ಣಿನ ಮನೆಗೆ ಹುಡುಗನ ಫೋಟೋ ಬಂತೆಂದರೆ ಮೊದಲು ಮುಖ ನೋಡುತ್ತಾರೆ. ಆಮೇಲೆ, ಹಿಂದೆ ಬಾಗಿಲೇನಾದರೂ ಕಂಡರೆ, ತಲೆ ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತಾರೆ. "ಬಾಗಿಲು ಏಳಡಿ, ತಲೆ ಮೇಲೆ ಒಂದಡಿ ಖಾಲಿ ಇದೆ, ಅಲ್ಲಿಗೆ ಆರಡಿ ಆಳು" ಎಂದು ಸೋದರಮಾವನೊಬ್ಬ ತೀರ್ಪು ಕೊಟ್ಟೂ ಬಿಡುತ್ತಾನೆ. ಹುಡುಗ ಸರಿಯಾಗಿ ಹೊಸ್ತಿಲ ಗೆರೆಯ ಮೇಲೇ ನಿಂತಿದ್ದರೆ ಈ ಲೆಕ್ಕ ನಡೆಯುತ್ತದೆ. ಎರಡು ಹೆಜ್ಜೆ ಮುಂದೆ ಬಂದಿದ್ದರೆ ಕೆಡುತ್ತದೆ.

ಮೊದಲಿಗೆ ಆ ಏಳಡಿಯೇ ಅನುಮಾನ. ನಮ್ಮಲ್ಲಿ ಲಿಂಟಲ್ ಸಾಮಾನ್ಯವಾಗಿ ಏಳಡಿಗೆ ಬರುತ್ತದೆ ನಿಜ. ಆದರೆ ಚೌಕಟ್ಟಿನ ಮೇಲಿನ ಮರ, ಕೆಳಗಿನ ಹೊಸ್ತಿಲು ಕಳೆದರೆ ಉಳಿಯುವ ತೆರವು ಅದಕ್ಕಿಂತ ಕಡಿಮೆ. ಮಲೆನಾಡಿನ ಹಳೆಯ ಮನೆಗಳಲ್ಲಂತೂ ಬಗ್ಗದೆ ಒಳಗೆ ಹೋಗುವಂತಿಲ್ಲ. ಫೋಟೋ ಅಮೆರಿಕದಿಂದ ಬಂದಿದ್ದರೆ ಬಾಗಿಲು ಹೆಚ್ಚಾಗಿ 6 ಅಡಿ 8 ಇಂಚು, ಇಂಗ್ಲೆಂಡಿನದಾದರೆ 6 ಅಡಿ 6 ಇಂಚು. ಸಾಧ್ಯವಿದ್ದರೆ ಟೇಪು ಹಿಡಿದು ಅಳೆಯಿಸುವುದೇ ಸರಿ.

ಒಂದು ಉದಾಹರಣೆ ನೋಡೋಣ. ಬಾಗಿಲ ತೆರವು ನೆಲದಿಂದ 198 ಸೆಂಟಿಮೀಟರ್, ಹೊಸ್ತಿಲು ನೆಲಕ್ಕೆ ಸಮ. ಕ್ಯಾಮೆರಾ ಬಾಗಿಲಿನಿಂದ ಮೂರು ಮೀಟರ್ ದೂರದಲ್ಲಿದೆ, ಹುಡುಗ ಬಾಗಿಲಿನಿಂದ 60 ಸೆಂಟಿಮೀಟರ್ ಮುಂದಕ್ಕೆ ನಿಂತಿದ್ದಾನೆ. ಕಂಪ್ಯೂಟರಿನಲ್ಲಿ ಅಳೆದಾಗ ಬಾಗಿಲು 1320 ಪಿಕ್ಸೆಲ್, ಹುಡುಗ ಪಾದದಿಂದ ನೆತ್ತಿಗೆ 1400 ಪಿಕ್ಸೆಲ್. ನೇರ ಹೋಲಿಕೆ ಮಾಡಿದರೆ ಅವನ ಎತ್ತರ 210 ಸೆಂಟಿಮೀಟರ್, ಅಂದರೆ ಸುಮಾರು ಆರಡಿ ಹನ್ನೊಂದಿಂಚು! ಕ್ಯಾಮೆರಾಕ್ಕೆ ಹತ್ತಿರವಿದ್ದದ್ದು ದೊಡ್ಡದಾಗಿ ಕಾಣುತ್ತದೆ. ಇಲ್ಲಿ ಅವನು ಬಾಗಿಲಿಗಿಂತ ಕಾಲು ಪಾಲು ಹಿಗ್ಗಿದ್ದಾನೆ.

ಹಾಗಾದರೆ ಪಾದ ಬಿಟ್ಟು, ನೆತ್ತಿ ಬಾಗಿಲಿನ ಯಾವ ಮಟ್ಟಕ್ಕೆ ಬಂದಿದೆ ಎಂದಷ್ಟೇ ನೋಡಿದರೆ? ಸೋದರಮಾವ ಮಾಡಿದ್ದೂ ಅದನ್ನೇ. ತಪ್ಪು ತುಸು ತಗ್ಗುತ್ತದೆ, ಆದರೆ ಎಷ್ಟು ತಗ್ಗುತ್ತದೆ ಎಂಬುದು ಫೋಟೋ ತೆಗೆದವನ ಕೈಯಲ್ಲಿದೆ. ಕ್ಯಾಮೆರಾ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಉತ್ತರ 172.5 ಬರುತ್ತದೆ. ಅವನು ಕುಳಿತು, ಒಂದು ಮೀಟರ್ ಎತ್ತರದಿಂದ ತೆಗೆದಿದ್ದರೆ ಅದೇ ಹುಡುಗ 185 ಆಗುತ್ತಾನೆ. ಸಿನಿಮಾದಲ್ಲಿ ನಾಯಕನನ್ನು ಕೆಳಗಿನಿಂದ ತೋರಿಸುವುದು ಸುಮ್ಮನೆ ಅಲ್ಲ.

ಇದರಿಂದ ಪಾರಾಗಲು ದೂರ ಗೊತ್ತಿರಬೇಕಾಗಿಲ್ಲ. ಚಿತ್ರ ಬರೆಯುವವರಿಗೆ ಗೊತ್ತಿರುವ ದಿಗಂತರೇಖೆ ಸಾಕು. ಕ್ಯಾಮೆರಾ ಇರುವ ಎತ್ತರದಲ್ಲೇ ಒಂದು ಸಮತಟ್ಟಾದ ಹಾಳೆ ಹಾಸಿದೆ ಎಂದುಕೊಳ್ಳಿ. ಫೋಟೋದಲ್ಲಿ ಅದು ಒಂದೇ ಗೆರೆಯಾಗಿ ಕಾಣುತ್ತದೆ. ಅದೇ ನೆಲದ ಮೇಲೆ ನಿಂತ ಪ್ರತಿಯೊಂದನ್ನೂ, ಹತ್ತಿರವಿರಲಿ ದೂರವಿರಲಿ, ಆ ಗೆರೆ ಒಂದೇ ಎತ್ತರದಲ್ಲಿ ಕತ್ತರಿಸುತ್ತದೆ. ಗೆರೆ ಹುಡುಕುವುದು ಹೀಗೆ: ಕ್ಯಾಮೆರಾದಿಂದ ಆಚೆಗೆ ಸಾಗುವ ಟೈಲ್ಸ್ ಸಂದುಗಳನ್ನು ಸ್ಕೇಲಿನಿಂದ ಮುಂದುವರಿಸಿ. ನಿಜದಲ್ಲಿ ಸಮಾನಾಂತರವಾಗಿರುವ ಅವು ಫೋಟೋದಲ್ಲಿ ಒಂದು ಬಿಂದುವಿನಲ್ಲಿ ಕೂಡುತ್ತವೆ. ಕ್ಯಾಮೆರಾ ನೆಟ್ಟಗಿದ್ದಿದ್ದರೆ, ಆ ಬಿಂದುವಿನ ಮೂಲಕ ಎಳೆದ ಅಡ್ಡಗೆರೆಯೇ ದಿಗಂತರೇಖೆ.

ನಮ್ಮ ಫೋಟೋದಲ್ಲಿ ಬಾಗಿಲ ಬುಡದಿಂದ ಆ ಗೆರೆಗೆ 1000 ಪಿಕ್ಸೆಲ್. ಬಾಗಿಲಿನ 1320 ಪಿಕ್ಸೆಲ್‌ಗೆ 198 ಸೆಂಟಿಮೀಟರ್ ಆದರೆ 1000ಕ್ಕೆ 150. ಅದೇ ಕ್ಯಾಮೆರಾದ ಎತ್ತರ. ಇನ್ನು ಹುಡುಗನ ಕಡೆ ಬನ್ನಿ. ಅವನ ಪಾದದಿಂದ ಅದೇ ಗೆರೆಗೆ 1250 ಪಿಕ್ಸೆಲ್ ಇದೆ, ಅದೂ 150 ಸೆಂಟಿಮೀಟರೇ. ಹಾಗಾದರೆ ನೆತ್ತಿಯವರೆಗಿನ 1400 ಪಿಕ್ಸೆಲ್‌ಗೆ 168. ಐದಡಿ ಆರಿಂಚು, ಅಷ್ಟೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಮಿನಿಸಿ, ರೀಡ್, ಝಿಸ್ಸರ್‌ಮನ್ ಎಂಬ ಮೂವರು 2000ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಓರೆಯಾದ ಕ್ಯಾಮೆರಾಕ್ಕೂ ಒಗ್ಗುವ ಹಾಗೆ ಈ ರೇಖಾಗಣಿತವನ್ನು ವಿಸ್ತರಿಸಿದ್ದಾರೆ.

ಮನೆಯಲ್ಲಿ ಮಾಡುವ ಲೆಕ್ಕಕ್ಕೆ ಮಾತ್ರ ಓರೆ ಫೋಟೋ ಬೇಡ. ಚೌಕಟ್ಟಿನ ಎರಡು ನಿಲುವು ಮರಗಳು ಮೇಲೆ ಹೋದಂತೆ ಒಂದಕ್ಕೊಂದು ವಾಲಿದ್ದರೆ ಕ್ಯಾಮೆರಾ ಮೇಲ್ಮುಖವಾಗಿತ್ತೆಂದು ಅರ್ಥ. ಮೊಬೈಲಿನ ಅಗಲ ಲೆನ್ಸು ಫೋಟೋದ ಅಂಚಿನಲ್ಲಿರುವವರನ್ನು ಜಗ್ಗುವುದರಿಂದ ಅಂಥವರನ್ನೂ ಅಳೆಯಬಾರದು. ಹುಡುಗ ಮೆಟ್ಟಿಲ ಮೇಲೆ ನಿಂತಿದ್ದರೆ "ಅದೇ ನೆಲ" ಎಂಬ ಆಧಾರವೇ ಬಿದ್ದುಹೋಗುತ್ತದೆ. ಎಲ್ಲ ಸರಿಯಿದ್ದರೂ ಸಿಗುವುದು ಚಪ್ಪಲಿ, ಕ್ರಾಪು ಸೇರಿದ ಎತ್ತರ. ಸಿಸಿಟಿವಿಯಲ್ಲಿ ನಡೆಯುತ್ತಿರುವವರದಾದರೆ, ಹೆಜ್ಜೆ ಅಗಲವಾದಾಗ ತಲೆ ಕೆಲವು ಸೆಂಟಿಮೀಟರ್ ತಗ್ಗುತ್ತದೆ. ಅದಕ್ಕೇ ಅಪರಾಧ ತನಿಖೆಯಲ್ಲಿ, ಸಾಧ್ಯವಾದಾಗ, ಅದೇ ಕ್ಯಾಮೆರಾದ ಮುಂದೆ ಆ ವ್ಯಕ್ತಿ ನಿಂತ ಜಾಗದಲ್ಲೇ ಅಳತೆಗೋಲು ನಿಲ್ಲಿಸಿ, ಎರಡೂ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ನೋಡುತ್ತಾರೆ.

ಸಂಬಂಧ ಕೂಡಿಸುವವರಿಗೆ ಅಷ್ಟೆಲ್ಲ ಬೇಕಿಲ್ಲ. ಪಾದವೂ ಬಾಗಿಲ ಬುಡವೂ ಕಾಣುವ ಫೋಟೋ ಕೇಳಿ. ಪಾದವೇ ಕಾಣದ ಫೋಟೋ ನೋಡಿ ಎತ್ತರ ಹೇಳುವವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.