ಬೆಲೆ ಕುಸಿದಾಗ ಆದೇಶಕ್ಕೆ ಕಾಯದ ನೆರವು: ವಯನಾಡಿನ ಒಂದು ಲೆಕ್ಕ

ಕಳೆದ ಶತಮಾನದ ಕೊನೆಯಲ್ಲಿ ಕಿಲೋಗೆ ಇನ್ನೂರು ರೂಪಾಯಿ ದಾಟಿದ್ದ ಕರಿಮೆಣಸಿನ ಬೆಲೆ ಮುಂದಿನ ನಾಲ್ಕೈದು ವರ್ಷಗಳಲ್ಲಿ ಅದರ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಅದೇ ವರ್ಷಗಳಲ್ಲಿ ಕಾಫಿಯ ಬೆಲೆಯೂ ಜಗತ್ತಿನಾದ್ಯಂತ ಕುಸಿಯಿತು. ವಿಯೆಟ್ನಾಮಿನಿಂದ ರೊಬಸ್ಟಾ ಕಾಫಿ ಹೇರಳವಾಗಿ ಮಾರುಕಟ್ಟೆಗೆ ಬಂದದ್ದು ಅದಕ್ಕೆ ಮುಖ್ಯ ಕಾರಣ. ವಯನಾಡು ಜಿಲ್ಲೆ ಬದುಕುತ್ತಿದ್ದುದು ಈ ಎರಡು ಬೆಳೆಗಳನ್ನು ನಂಬಿಕೊಂಡು. ರೈತರ ಸಾಲ ಏರಿತು, ತೋಟದ ಕೂಲಿಯವರ ಕೆಲಸದ ದಿನಗಳು ಇಳಿದವು, ರೈತರ ಆತ್ಮಹತ್ಯೆಗಳಿಂದ ಆ ಜಿಲ್ಲೆಯ ಹೆಸರು ದೇಶದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು.

ಸರ್ಕಾರಗಳು ಸುಮ್ಮನಿರಲಿಲ್ಲ. ಆತ್ಮಹತ್ಯೆಗಳು ಹೆಚ್ಚಾಗಿದ್ದ 31 ಜಿಲ್ಲೆಗಳಿಗೆ ಕೇಂದ್ರವು ಪ್ರಧಾನಮಂತ್ರಿಗಳ ವಿಶೇಷ ಪರಿಹಾರ ಯೋಜನೆಯನ್ನು ಘೋಷಿಸಿತು. ಕೇರಳದಿಂದ ಆ ಪಟ್ಟಿಯಲ್ಲಿದ್ದವು ವಯನಾಡು, ಪಾಲಕ್ಕಾಡು ಮತ್ತು ನಮ್ಮ ಕಾಸರಗೋಡು. ರೈತರ ಋಣಪರಿಹಾರಕ್ಕಾಗಿ ಕೇರಳ ಸರ್ಕಾರ ಪ್ರತ್ಯೇಕ ಆಯೋಗವೊಂದನ್ನು ರಚಿಸುವ ಕಾಯಿದೆ ಮಾಡಿತು. ಆದರೆ ಇವೆರಡೂ ಬಂದದ್ದು 2006ರ ಹೊತ್ತಿಗೆ. ಬೆಲೆ ಕುಸಿಯಲಾರಂಭಿಸಿ ಆಗಲೇ ಐದು ವರ್ಷಗಳಾಗಿದ್ದವು. ಸಂಕಟ ಇದೆಯೆಂದು ಮೊದಲು ಒಪ್ಪಿಕೊಳ್ಳಬೇಕು, ಅದರ ಬಗ್ಗೆ ವರದಿ ಬರಬೇಕು, ಹಣ ಮಂಜೂರಾಗಬೇಕು, ಆದೇಶ ಹೊರಡಬೇಕು, ಕೊನೆಗೆ ಫಲಾನುಭವಿಗಳ ಪಟ್ಟಿ ಸಿದ್ಧವಾಗಬೇಕು. ಯಾರೂ ಸೋಮಾರಿತನ ಮಾಡದಿದ್ದರೂ ಈ ಹಾದಿ ಉದ್ದವೇ.

ಈ ವಿಳಂಬವನ್ನು ತಪ್ಪಿಸುವ ಇನ್ನೊಂದು ಬಗೆಯ ಏರ್ಪಾಡನ್ನು ಅರ್ಥಶಾಸ್ತ್ರದಲ್ಲಿ ‘ಸ್ವಯಂಚಾಲಿತ ಸ್ಥಿರಕಾರಿ’ ಎನ್ನುತ್ತಾರೆ. ಇದರ ನಿಯಮವನ್ನು ಒಳ್ಳೆಯ ಕಾಲದಲ್ಲೇ ಬರೆದಿಡಲಾಗಿರುತ್ತದೆ. ಆದಾಯ ಕುಸಿದ ದಿನ ಯಾವ ಸಚಿವ ಸಂಪುಟವೂ ಸಭೆ ಸೇರಬೇಕಿಲ್ಲ. ನಿಯಮದ ಪ್ರಕಾರವೇ ಜನರ ಕೈಯಿಂದ ಸರ್ಕಾರಕ್ಕೆ ಹೋಗುವ ಹಣ ಕಡಿಮೆಯಾಗುತ್ತದೆ, ಇಲ್ಲವೇ ಸರ್ಕಾರದಿಂದ ಜನರ ಕೈಗೆ ಬರುವ ಹಣ ಹೆಚ್ಚುತ್ತದೆ. ಕಾಲ ಸುಧಾರಿಸಿದಾಗ ಅದೇ ನಿಯಮ ತಿರುಗಿ ಕೆಲಸ ಮಾಡುತ್ತದೆ.

ಮೊದಲನೆಯದಕ್ಕೆ ಉದಾಹರಣೆ ಏರಿಕೆಯ ದರದ ಆದಾಯ ತೆರಿಗೆ. ಕಲ್ಪೆಟ್ಟದಲ್ಲಿ ಅಂಗಡಿ ನಡೆಸುವ ಒಬ್ಬರಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ತೆರಿಗೆ ವಿಧಿಸಬಹುದಾದ ಆದಾಯವಿದೆ ಎಂದುಕೊಳ್ಳೋಣ. 2025–26ರ ಹೊಸ ಪದ್ಧತಿಯ ದರಗಳಲ್ಲಿ, ಸೆಸ್ ಬಿಟ್ಟು, ಅವರ ತೆರಿಗೆ 2 ಲಕ್ಷ ರೂಪಾಯಿ. ವ್ಯಾಪಾರ ಕುಗ್ಗಿ ಆದಾಯ 16 ಲಕ್ಷಕ್ಕೆ ಇಳಿದರೆ ತೆರಿಗೆ 1,20,000 ರೂಪಾಯಿ. ಆದಾಯ ಇಳಿದದ್ದು ಐದರಲ್ಲಿ ಒಂದು ಪಾಲು. ತೆರಿಗೆ ಇಳಿದದ್ದು ಐದರಲ್ಲಿ ಎರಡು ಪಾಲು. ಕಳೆದುಹೋದ 4 ಲಕ್ಷದಲ್ಲಿ 80 ಸಾವಿರವನ್ನು ಸರ್ಕಾರವೇ ಹೊತ್ತಂತಾಯಿತು. ಅದಕ್ಕಾಗಿ ಆ ಅಂಗಡಿಯವರು ಅರ್ಜಿ ಹಾಕಲಿಲ್ಲ, ಸರ್ಕಾರ ಆದೇಶ ಹೊರಡಿಸಲಿಲ್ಲ.

ಆದರೆ ವಯನಾಡಿನ ಬಹುತೇಕ ಮನೆಗಳಿಗೆ ಈ ಏರ್ಪಾಡು ತಲುಪುವುದೇ ಇಲ್ಲ. ಕೃಷಿಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕಾಫಿಯನ್ನು ಬೆಳೆದು, ತಾವೇ ಕ್ಯೂರಿಂಗ್ ಮಾಡಿ ಮಾರುವವರ ಆದಾಯದಲ್ಲಿ ಕಾಲು ಭಾಗಕ್ಕೆ ತೆರಿಗೆ ಉಂಟು. ಒಣಗಿಸಿದ ಕಾಯಿಯನ್ನೇ ಮಾರುವ ಸಣ್ಣ ಬೆಳೆಗಾರರಿಗೆ ಅದೂ ಇಲ್ಲ. ತೆರಿಗೆ ಕಟ್ಟದಿರುವುದು ಒಳ್ಳೆಯದೇ ಅನ್ನಿಸಬಹುದು. ಆದರೆ ಕಟ್ಟದೇ ಇರುವ ತೆರಿಗೆ ಕಷ್ಟಕಾಲದಲ್ಲಿ ಕಡಿಮೆಯಾಗಲು ಸಾಧ್ಯವಿಲ್ಲ. ಕೂಲಿಯವರ ವಿಷಯದಲ್ಲಂತೂ ಈ ಮಾತು ಪೂರ್ತಿ ನಿಜ. ಕೇರಳದಲ್ಲಿ 1980ರ ದಶಕದಿಂದ ನಿರುದ್ಯೋಗ ವೇತನವೆಂಬುದೊಂದಿತ್ತು. ತಿಂಗಳಿಗೆ 120 ರೂಪಾಯಿಯಲ್ಲೇ ದಶಕಗಳ ಕಾಲ ನಿಂತುಬಿಟ್ಟ ಆ ಮೊತ್ತ ಯಾವ ಕುಸಿತವನ್ನು ತಾಳಬಲ್ಲದು?

ಹೀಗಾಗಿ ವಯನಾಡಿನ ಮಟ್ಟಿಗೆ ಈ ಕೆಲಸಕ್ಕೆ ನಿಜವಾಗಿ ಹತ್ತಿರ ಬಂದದ್ದು ಉದ್ಯೋಗ ಖಾತರಿ ಯೋಜನೆ. 2006ರ ಫೆಬ್ರವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಅದು ಜಾರಿಗೆ ಬಂದಾಗ ಕೇರಳದಿಂದ ಆಯ್ಕೆಯಾದವು ವಯನಾಡು ಮತ್ತು ಪಾಲಕ್ಕಾಡು. ಕಾಸರಗೋಡು ಮತ್ತು ಇಡುಕ್ಕಿ ಎರಡನೆಯ ಹಂತದಲ್ಲಿ ಸೇರಿದವು. ನಮ್ಮ ಓದುಗರಲ್ಲಿ ಹಲವರ ಮನೆಯಲ್ಲಿ ಈ ‘ತೊಳಿಲುರಪ್ಪು’ ಕೆಲಸಕ್ಕೆ ಹೋದ ಅಮ್ಮನೋ ಅಜ್ಜಿಯೋ ಇದ್ದಾರು. ಕೇರಳದಲ್ಲಿ ಇದರ ಕೆಲಸಗಾರರಲ್ಲಿ ಬಹುಪಾಲು ಹೆಂಗಸರೇ.

2005ರ ಆ ಕಾಯಿದೆ ಹೆಣೆದದ್ದು ಹೀಗೆ. ಗ್ರಾಮೀಣ ಕುಟುಂಬವೊಂದಕ್ಕೆ ವರ್ಷಕ್ಕೆ 100 ದಿನಗಳ ಕೆಲಸ ಕೇಳುವ ಹಕ್ಕಿದೆ. ಪಂಚಾಯತಿಗೆ ಅರ್ಜಿ ಕೊಟ್ಟರೆ ದಿನಾಂಕವಿರುವ ರಶೀದಿ ಕೊಡಬೇಕು. 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಸಲ್ಲಬೇಕು. ಅದು ಮೊದಲ 30 ದಿನಗಳಿಗೆ ಕೂಲಿಯ ಕಾಲು ಭಾಗಕ್ಕೆ, ಆ ನಂತರ ಅರ್ಧಕ್ಕೆ ಕಡಿಮೆಯಿರಬಾರದು. ಕೂಲಿಯ ಪೂರ್ತಿ ಹಣ ಕೇಂದ್ರದ್ದು, ಭತ್ಯೆಯ ಹಣ ರಾಜ್ಯದ್ದು. ಕೆಲಸ ಕೊಟ್ಟರೆ ಕೇಂದ್ರ ಭರಿಸುತ್ತದೆ, ಕೊಡದಿದ್ದರೆ ರಾಜ್ಯವೇ ತೆರಬೇಕು ಎಂಬ ಈ ಜಾಣ ವ್ಯವಸ್ಥೆ ರಾಜ್ಯವನ್ನು ಕೆಲಸ ಕೊಡುವ ಕಡೆಗೆ ತಳ್ಳುತ್ತಿತ್ತು.

ಇದು ಹೇಗೆ ಕುಸಿತವನ್ನು ತಗ್ಗಿಸುತ್ತದೆಂದು ಒಂದು ಕಲ್ಪಿತ ಮನೆಯ ಲೆಕ್ಕದಿಂದ ನೋಡೋಣ. ಪುಲ್ಪಳ್ಳಿಯ ಕಡೆಯ ಒಂದು ಕೂಲಿ ಕುಟುಂಬ ಸಾಮಾನ್ಯ ವರ್ಷದಲ್ಲಿ ಕಾಫಿ ಮತ್ತು ಮೆಣಸಿನ ತೋಟಗಳಲ್ಲಿ 200 ದಿನ, ದಿನಕ್ಕೆ 450 ರೂಪಾಯಿಯಂತೆ ದುಡಿಯುತ್ತದೆ; ಖಾತರಿ ಕೆಲಸಕ್ಕೆ 30 ದಿನ ಮಾತ್ರ ಹೋಗುತ್ತದೆ. ಬೆಲೆ ಕುಸಿದ ವರ್ಷ ತೋಟದ ಮಾಲೀಕರು ಕಳೆ ತೆಗೆಸುವುದನ್ನು ಒಂದು ಸುತ್ತು ಕಡಿಮೆ ಮಾಡುತ್ತಾರೆ, ಗೊಬ್ಬರ ಹಾಕಿಸುವುದನ್ನು ಮುಂದೂಡುತ್ತಾರೆ. ತೋಟದ ಕೆಲಸ 120 ದಿನಕ್ಕೆ ಇಳಿಯುತ್ತದೆ. ಕುಟುಂಬಕ್ಕಾದ ನಷ್ಟ 36,000 ರೂಪಾಯಿ. ಆಗ ಆ ಮನೆಯವರು ಖಾತರಿ ಕೆಲಸವನ್ನು 30ರ ಬದಲು 90 ದಿನ ಕೇಳುತ್ತಾರೆ. 2025–26ರಲ್ಲಿ ಕೇರಳದ ಖಾತರಿ ದಿನಗೂಲಿ 369 ರೂಪಾಯಿ; ಹೆಚ್ಚಿನ 60 ದಿನಗಳಿಂದ ಬರುವುದು 22,140 ರೂಪಾಯಿ. ನಷ್ಟದ ಐದರಲ್ಲಿ ಮೂರು ಪಾಲಿಗಿಂತ ತುಸು ಹೆಚ್ಚು ತುಂಬಿತು. ಪೂರ್ತಿ ತುಂಬಲಿಲ್ಲ, ಆದರೆ ಪಡಿತರದ ಬಾಕಿಯಾಗಲಿ ಮಕ್ಕಳ ಬಸ್ಸಿನ ಖರ್ಚಾಗಲಿ ನಿಲ್ಲಬೇಕಾಗಿಲ್ಲ. ಆ ಹಣ ಖರ್ಚಾಗುವುದೂ ಅದೇ ಊರಿನ ಅಂಗಡಿಯಲ್ಲಿ. ಹಾಗಾಗಿ ಅಂಗಡಿಯವರ ಕುಸಿತವೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಬೆಲೆ ಚೇತರಿಸಿಕೊಂಡಾಗ ಏನಾಗುತ್ತದೆ? ತೋಟದ ಕೂಲಿ ಹೆಚ್ಚಿರುವುದರಿಂದ ಕುಟುಂಬ ತಾನಾಗಿಯೇ ಅತ್ತ ಮರಳುತ್ತದೆ, ಇಲ್ಲವೇ ಕೊಡಗಿನ ಶುಂಠಿ ಗದ್ದೆಗಳಿಗೆ ಹೋಗುತ್ತದೆ. ಸರ್ಕಾರದ ಖರ್ಚು ಯಾರೂ ಕಡಿತಗೊಳಿಸದೆ ಇಳಿಯುತ್ತದೆ. ಖಾತರಿಯ ಕೂಲಿ ಮಾರುಕಟ್ಟೆಯ ಕೂಲಿಗಿಂತ ಕಡಿಮೆ ಎಂಬ ದೂರು ನ್ಯಾಯವಾದದ್ದೇ. ಆದರೂ ಯೋಜನೆ ಕಷ್ಟಕಾಲದಲ್ಲಿ ಹಿಗ್ಗಿ ಒಳ್ಳೆಯ ಕಾಲದಲ್ಲಿ ಕುಗ್ಗುವುದರ ಗುಟ್ಟು ಆ ಅಂತರದಲ್ಲೇ ಇದೆ ಎಂಬುದನ್ನು ನಾವು ಗಮನಿಸಬೇಕು.

ದೇಶದ ಮಟ್ಟದಲ್ಲಿ ಇದರ ದೊಡ್ಡ ಪರೀಕ್ಷೆ ನಡೆದದ್ದು ಕೊರೊನಾ ಲಾಕ್‌ಡೌನಿನ ವರ್ಷ. ಹಿಂದಿನ ವರ್ಷ ಸುಮಾರು 5.5 ಕೋಟಿ ಕುಟುಂಬಗಳು ಈ ಕೆಲಸಕ್ಕೆ ಬಂದಿದ್ದರೆ 2020–21ರಲ್ಲಿ ಸುಮಾರು 7.5 ಕೋಟಿ ಕುಟುಂಬಗಳು ಬಂದವು. ಹೊಸ ಯೋಜನೆ ರೂಪಿಸಬೇಕಾಗಿರಲಿಲ್ಲ. ಜಾಬ್ ಕಾರ್ಡುಗಳು ಆಗಲೇ ಮನೆಗಳಲ್ಲಿದ್ದವು. ಆದರೆ ಬಜೆಟ್ಟಿನಲ್ಲಿದ್ದ 61,500 ಕೋಟಿ ರೂಪಾಯಿ ಸಾಲದೆಂದು 2020ರ ಮೇ ತಿಂಗಳಲ್ಲಿ ಇನ್ನೂ 40,000 ಕೋಟಿಯನ್ನು ಘೋಷಿಸಬೇಕಾಯಿತು. ಅಂದರೆ ಹಕ್ಕು ತಾನಾಗಿ ಚಲಿಸುತ್ತಿತ್ತು, ಹಣ ಮಾತ್ರ ಆದೇಶಕ್ಕೆ ಕಾಯುತ್ತಿತ್ತು. ಹಣ ತಡವಾದ ವರ್ಷಗಳಲ್ಲೆಲ್ಲ ಕೂಲಿಯೂ ತಡವಾಯಿತು.

ಪಂಚಾಯತಿಯ ಮಟ್ಟದಲ್ಲಿ ಇದು ಕೆಡುವ ರೀತಿ ಇನ್ನೂ ಸದ್ದಿಲ್ಲದ್ದು. ದೇಶದ ಹಲವೆಡೆ ಅರ್ಜಿಯನ್ನು ಬಂದ ದಿನವೇ ದಾಖಲಿಸುವುದಿಲ್ಲ. ಕೆಲಸ ಸಿದ್ಧವಾದ ಮೇಲೆ ಬೇಡಿಕೆಯನ್ನು ಬರೆದುಕೊಳ್ಳುತ್ತಾರೆ. ಆಗ ಕಡತದಲ್ಲಿ ಕೇಳಿದವರಿಗೆಲ್ಲ ಕೆಲಸ ಸಿಕ್ಕಂತೆ ಕಾಣುತ್ತದೆ, ಭತ್ಯೆಯ ಪ್ರಶ್ನೆಯೇ ಏಳುವುದಿಲ್ಲ. ಇದನ್ನು ಗುರುತಿಸುವುದು ಕಷ್ಟವಲ್ಲ. ಕೈಯಲ್ಲಿರುವ ರಶೀದಿಯ ದಿನಾಂಕ ನಾವು ಕೆಲಸ ಕೇಳಿದ ದಿನದ್ದೋ, ಕೆಲಸ ಶುರುವಾದ ದಿನದ್ದೋ ಎಂದು ನೋಡಿದರೆ ಸಾಕು. ರಶೀದಿಯೇ ಇಲ್ಲದಿದ್ದರೆ 15 ದಿನಗಳ ಗಡಿಯಾರ ಓಡಲು ಆರಂಭಿಸುವುದೇ ಇಲ್ಲ.

2025ರ ಡಿಸೆಂಬರಿನಲ್ಲಿ ಸಂಸತ್ತು ಈ ಕಾಯಿದೆಯ ಬದಲಿಗೆ ‘ವಿಕಸಿತ ಭಾರತ’ದ ಹೆಸರಿನಲ್ಲಿ ಹೊಸ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯನ್ನು ಅಂಗೀಕರಿಸಿತು. ಅದರಲ್ಲಿ ದಿನಗಳು 100ರಿಂದ 125ಕ್ಕೆ ಏರಿವೆ. ಚರ್ಚೆ ಹೆಚ್ಚಾಗಿ ಹೆಸರಿನ ಬಗ್ಗೆ ಮತ್ತು ದಿನಗಳ ಬಗ್ಗೆ ನಡೆಯಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ ಇದೆ. ಹೊಸ ಕಾಯಿದೆಯಲ್ಲಿ ಪ್ರತಿ ರಾಜ್ಯಕ್ಕೆ ವರ್ಷಕ್ಕೆ ಇಷ್ಟು ಎಂದು ಕೇಂದ್ರ ಮೊದಲೇ ಹಣ ನಿಗದಿಪಡಿಸುತ್ತದೆ. ಕೇರಳದಂಥ ರಾಜ್ಯಗಳಲ್ಲಿ ಖರ್ಚಿನ 60 ಭಾಗ ಕೇಂದ್ರದ್ದು, 40 ಭಾಗ ರಾಜ್ಯದ್ದು. ನಿಗದಿಗಿಂತ ಹೆಚ್ಚಾದದ್ದನ್ನು ಪೂರ್ತಿಯಾಗಿ ರಾಜ್ಯವೇ ಭರಿಸಬೇಕು. ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಈ ಕೆಲಸವನ್ನು ನಿಲ್ಲಿಸಲೂ ಅವಕಾಶವಿದೆ.

ಬೆಲೆ ಕುಸಿದ ವರ್ಷವೊಂದನ್ನು ಈ ನಿಯಮಗಳ ಮೇಲಿಟ್ಟು ನೋಡಬೇಕು. ಬೇಡಿಕೆ ನಿಗದಿಯನ್ನು ಮೀರುವುದು ಅಂಥ ವರ್ಷದಲ್ಲೇ. ರಾಜ್ಯದ ಸ್ವಂತ ತೆರಿಗೆ ಇಳಿಯುವುದೂ ಅದೇ ವರ್ಷ, ಮತ್ತು ಕೇಂದ್ರದಂತೆ ಬೇಕಾದಷ್ಟು ಸಾಲ ಎತ್ತಲು ರಾಜ್ಯಕ್ಕೆ ಅವಕಾಶವಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸಾಮಾನ್ಯ ವರ್ಷ ಯಾರೂ ಖಾತರಿ ಕೆಲಸಕ್ಕೆ ಬರುವುದಿಲ್ಲ; ಕೊಯ್ಲೇ ಬಡವಾದ ವರ್ಷದಲ್ಲಿ ಬರುತ್ತಾರೆ, ಆಗ ಬಾಗಿಲು ಮುಚ್ಚಿರಬಹುದು. ಹಾಗಾಗಿ ವಯನಾಡಿನಲ್ಲಾಗಲಿ ಕಾಸರಗೋಡಿನಲ್ಲಾಗಲಿ 125 ಎಂಬ ಅಂಕೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಈ ವರ್ಷ ಕೇರಳಕ್ಕೆ ನಿಗದಿಯಾದ ಹಣವೆಷ್ಟು, ಅದು ಮುಗಿದ ಮೇಲೆ ಬಂದ ಅರ್ಜಿಗೆ ಪಂಚಾಯತಿ ದಿನಾಂಕ ಹಾಕಿ ರಶೀದಿ ಕೊಡುತ್ತದೆಯೇ?